ಕಾರ್ಖಾನೆಯ ರಾಜ್ಯೋತ್ಸವಕ್ಕೆ ಹೊರಗಿನ ಉಪನ್ಯಾಸಕರನ್ನು ಕರೆಯುವಾಗ

ಪ್ರಶ್ನೆ: ನಾನು ಪೀಣ್ಯದ ಒಂದು ಯಂತ್ರಭಾಗ ತಯಾರಿಕಾ ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿದ್ದೇನೆ. ನವೆಂಬರ್ 20, ಶುಕ್ರವಾರ ಮಧ್ಯಾಹ್ನ 2.30ರಿಂದ 4ರವರೆಗೆ ನಮ್ಮ ಕ್ಯಾಂಟೀನ್ ಹಾಲ್‌ನಲ್ಲಿ ರಾಜ್ಯೋತ್ಸವ ಇಟ್ಟುಕೊಂಡಿದ್ದೇವೆ. ಸುಮಾರು 220 ಜನ ಸೇರುತ್ತಾರೆ. ಮೈಸೂರಿನಲ್ಲಿರುವ, ಜಾನಪದದಲ್ಲಿ ಕೆಲಸ ಮಾಡಿರುವ ನಿವೃತ್ತ ಪ್ರಾಧ್ಯಾಪಕಿಯೊಬ್ಬರನ್ನು ಕರೆಯುವ ಆಸೆ. ಹೋದ ವರ್ಷ ಬಂದಿದ್ದ ಅತಿಥಿಗಳು ಬೇಸರದಿಂದಲೇ ಹಿಂತಿರುಗಿದರು, ಕಾರಣ ನಮಗೆ ಸರಿಯಾಗಿ ತಿಳಿಯಲಿಲ್ಲ. ಆಹ್ವಾನ ಪತ್ರದಲ್ಲಿ ಏನೇನು ಇರಬೇಕು? ಗೌರವಧನದ ವಿಷಯವನ್ನು ಬರೆಯಬಹುದೇ?

ಉತ್ತರ: ಪತ್ರ ಬರೆಯಲು ಕೂರುವ ಮುನ್ನ ನಿಮ್ಮ ಕಾರ್ಯಕ್ರಮ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಪ್ರತಿಯೊಂದು ಅಂಶದ ಮುಂದೆ ಅದು ನಿಜವಾಗಿ ತೆಗೆದುಕೊಳ್ಳುವ ನಿಮಿಷಗಳನ್ನು ಬರೆಯಿರಿ. ಹೋದ ವರ್ಷದ ಬೇಸರದ ಕಾರಣವೂ ಬಹುಮಟ್ಟಿಗೆ ಅಲ್ಲಿಯೇ ಸಿಗುತ್ತದೆಂದು ನನ್ನ ಊಹೆ. ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿದ್ದಷ್ಟು ಕಾಲ ಪ್ರತಿ ನವೆಂಬರ್‌ನಲ್ಲಿಯೂ ಇಂಥ ಸಮಾರಂಭವನ್ನು ನಡೆಸಿದ್ದೇನೆ, ನಿವೃತ್ತನಾದ ಮೇಲೆ ಮಾತನಾಡುವವನಾಗಿಯೂ ಕೆಲವು ಕಡೆ ಹೋಗಿದ್ದೇನೆ. ವೇದಿಕೆಯ ಎರಡೂ ಬದಿಯಿಂದ ನೋಡಿದಾಗ ನನಗೆ ಕಂಡದ್ದು ಒಂದೇ: ಕರೆದವರು ಮನಸ್ಸಿನಲ್ಲಿ ‘ಮುಖ್ಯ ಅತಿಥಿ’ಯನ್ನು ಇಟ್ಟುಕೊಂಡು ಪತ್ರದಲ್ಲಿ ‘ಉಪನ್ಯಾಸ’ ಎಂದು ಬರೆದಿರುತ್ತಾರೆ, ಬಂದವರು ಆ ಉಪನ್ಯಾಸ ಎಂಬ ಮಾತನ್ನು ನಂಬಿ ಸಿದ್ಧತೆ ಮಾಡಿಕೊಂಡು ಬಂದಿರುತ್ತಾರೆ.

ನಿಮ್ಮ ತೊಂಬತ್ತು ನಿಮಿಷಗಳನ್ನೇ ಲೆಕ್ಕ ಹಾಕೋಣ. ನಾಡಗೀತೆಗೆ ಸರ್ಕಾರ 2022ರಲ್ಲಿ ನಿಗದಿಪಡಿಸಿದ ಅವಧಿ ಎರಡೂವರೆ ನಿಮಿಷ. ದೀಪ ಬೆಳಗಿಸಲು ಐದು, ಸ್ವಾಗತ ಭಾಷಣಕ್ಕೂ ಹೂಗುಚ್ಛಗಳಿಗೂ ಸೇರಿ ಏಳು, ಕಾರ್ಖಾನೆಯ ಮುಖ್ಯಸ್ಥರ ಮಾತಿಗೆ ಹತ್ತು, ಅತಿಥಿಗಳ ಪರಿಚಯಕ್ಕೆ ಮೂರು, ವಂದನಾರ್ಪಣೆಗೆ ಐದು. ರಂಗೋಲಿ, ಪ್ರಬಂಧ, ಹಗ್ಗಜಗ್ಗಾಟ ಎಂದೆಲ್ಲ ಸೇರಿ ಹದಿನೆಂಟು ಬಹುಮಾನಗಳಿವೆ ಎಂದುಕೊಂಡರೆ, ಹೆಸರು ಕೂಗಿ, ವಿಜೇತರು ಹಿಂದಿನ ಸಾಲಿನಿಂದ ನಡೆದು ಬಂದು, ಛಾಯಾಚಿತ್ರ ತೆಗೆಸಿಕೊಂಡು ಇಳಿಯುವಷ್ಟರಲ್ಲಿ ಒಬ್ಬೊಬ್ಬರಿಗೆ ಎರಡು ನಿಮಿಷದಂತೆ ಮೂವತ್ತಾರು ನಿಮಿಷಗಳು ಹೋಗುತ್ತವೆ. ಎಲ್ಲವನ್ನೂ ಕೂಡಿದರೆ ಅರವತ್ತೆಂಟೂವರೆ. ಉಪನ್ಯಾಸಕ್ಕೆ ಉಳಿದದ್ದು ಇಪ್ಪತ್ತೊಂದೂವರೆ ನಿಮಿಷ, ಸಭೆ ಹತ್ತು ನಿಮಿಷ ತಡವಾಗಿ ಆರಂಭವಾದರೆ ಹನ್ನೊಂದೂವರೆ. ನಲವತ್ತು ನಿಮಿಷ ಮಾತನಾಡಬೇಕೆಂದು ಕೇಳಿಕೊಂಡು ಕರೆತಂದವರಿಗೆ, ಮಾತಿನ ನಡುವೆ ‘ದಯವಿಟ್ಟು ಮುಗಿಸಿ’ ಎಂಬ ಚೀಟಿ ಹೋಗುವುದು ಹೀಗೆ. ಇದರಲ್ಲಿ ಯಾರೊಬ್ಬರ ಅನಾದರವೂ ಇರುವುದಿಲ್ಲ, ಆದರೆ ಚೀಟಿ ಓದಿದವರಿಗೆ ಅದು ಅನಾದರವಾಗಿಯೇ ಕಾಣುತ್ತದೆ.

ಆದ್ದರಿಂದ ಮೊದಲು ಪಾತ್ರವನ್ನು ನಿರ್ಧರಿಸಿ. ಅವರು ಮುಖ್ಯ ಅತಿಥಿಯಾಗಿ ಬಂದು ದೀಪ ಬೆಳಗಿಸಿ, ಬಹುಮಾನ ವಿತರಿಸಿ, ಹತ್ತು ನಿಮಿಷ ನಾಲ್ಕು ಒಳ್ಳೆಯ ಮಾತು ಆಡಬೇಕೆಂಬುದು ನಿಮ್ಮ ಅಪೇಕ್ಷೆಯಾದರೆ ಅದು ತಪ್ಪಲ್ಲ, ಆದರೆ ಹಾಗೆಂದೇ ಬರೆಯಬೇಕು. ಅದಕ್ಕಾಗಿ ಮೈಸೂರಿನಿಂದ ಒಬ್ಬ ಜಾನಪದ ವಿದ್ವಾಂಸರು ಬರಬೇಕೇ ಎಂಬ ಪ್ರಶ್ನೆಯೂ ಆಗ ನಿಮಗೇ ಹುಟ್ಟುತ್ತದೆ. ಅವರ ವಿದ್ವತ್ತಿಗಾಗಿಯೇ ಕರೆಯುತ್ತಿದ್ದೀರಿ ಎಂದಾದರೆ ಉಪನ್ಯಾಸವನ್ನು ನಡುವಿನಲ್ಲಿಟ್ಟು ಉಳಿದದ್ದನ್ನು ಅದರ ಸುತ್ತ ಕುಗ್ಗಿಸಬೇಕು. ನಿಮ್ಮ ಸ್ಥಿತಿಯಲ್ಲಿ ನಾನು ಎರಡನೆಯದನ್ನೇ ಆರಿಸುತ್ತೇನೆ. ಪ್ರಥಮ ಬಹುಮಾನಗಳನ್ನು ಮಾತ್ರ ವೇದಿಕೆಯ ಮೇಲೆ ಕೊಟ್ಟು, ಉಳಿದವನ್ನು ಮರುದಿನ ಆಯಾ ವಿಭಾಗದ ಮುಖ್ಯಸ್ಥರ ಕೈಯಿಂದ ಕೊಡಿಸಿದರೆ ಮೂವತ್ತಾರು ನಿಮಿಷ ಹನ್ನೆರಡಕ್ಕೆ ಇಳಿಯುತ್ತದೆ. ಮುಖ್ಯಸ್ಥರ ಮಾತು ಐದು ನಿಮಿಷಕ್ಕಿಳಿಯಬೇಕಾದರೆ ಅದನ್ನು ಅವರಿಗೆ ಮುಂಚಿತವಾಗಿ ಹೇಳುವ ಕೆಲಸ ನಿಮ್ಮದು. ಅಂದು ವೇದಿಕೆಯ ಪಕ್ಕದಲ್ಲಿ ನಿಂತು ಕೈಗಡಿಯಾರ ತೋರಿಸಿದರೆ ಫಲವಿಲ್ಲ.

ಇನ್ನು ದಿನ ಮತ್ತು ಹೊತ್ತು. ನವೆಂಬರ್ 1 ನಮ್ಮ ರಾಜ್ಯದ ಕೈಗಾರಿಕಾ ಸಂಸ್ಥೆಗಳಿಗೆ 1963ರ ರಜಾ ಕಾಯ್ದೆಯಂತೆ ಕಡ್ಡಾಯ ರಜೆಯಾದುದರಿಂದ ಕಾರ್ಖಾನೆಗಳ ರಾಜ್ಯೋತ್ಸವವೆಲ್ಲ ಆ ತಿಂಗಳ ಉಳಿದ ದಿನಗಳಿಗೆ ಸರಿಯುತ್ತದೆ. ದೀಪಾವಳಿಯ ರಜೆಗಳನ್ನು ಕಳೆದರೆ ಉಳಿಯುವ ಕೆಲವೇ ಶುಕ್ರವಾರ, ಶನಿವಾರಗಳಿಗೆ ಬೆಂಗಳೂರಿನ ಎಲ್ಲ ಕಂಪನಿಗಳ ಕನ್ನಡ ಸಂಘಗಳೂ ಕೈ ಹಾಕುತ್ತವೆ. ಚೆನ್ನಾಗಿ ಮಾತನಾಡುವವರ ನವೆಂಬರ್ ತಿಂಗಳು ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ತುಂಬಿಹೋಗಿರುತ್ತದೆ. ಹೀಗಾಗಿ ಎಂಟರಿಂದ ಹತ್ತು ವಾರ ಮುಂಚೆ ಕೇಳಬೇಕು, ಸಾಧ್ಯವಾದರೆ ಎರಡು ದಿನಾಂಕಗಳನ್ನು ಕೈಯಲ್ಲಿಟ್ಟುಕೊಂಡು ಕೇಳಬೇಕು. 20ನೇ ತಾರೀಖು ಆಗದಿದ್ದರೆ ಅದರ ಹಿಂದಿನ ಅಥವಾ ಮುಂದಿನ ವಾರ ಬದಲಾಯಿಸಲು ನಿಮಗೆ ಸ್ವಾತಂತ್ರ್ಯವಿದೆಯೇ ಎಂಬುದನ್ನು ಫೋನ್ ಮಾಡುವ ಮೊದಲೇ ಮೇಲಿನವರೊಡನೆ ಮಾತನಾಡಿ ತಿಳಿದಿರಿ. ಅವರು ಒಪ್ಪಿದ ಮೇಲೆ ‘ನಮ್ಮ ಎಂಡಿ ಅಂದು ಊರಲ್ಲಿಲ್ಲವಂತೆ’ ಎಂದು ದಿನ ಬದಲಿಸುವುದಕ್ಕಿಂತ ಕೆಟ್ಟ ಆರಂಭ ಬೇರೆ ಇಲ್ಲ. ಅವರು ನಿಮಗಾಗಿ ಅಷ್ಟರಲ್ಲಿ ಬೇರೊಬ್ಬರಿಗೆ ಇಲ್ಲ ಎಂದಿರುತ್ತಾರೆ.

ಮಧ್ಯಾಹ್ನ ಎರಡೂವರೆ ಎಂಬ ಹೊತ್ತನ್ನು ಪಾಳಿಯ ಕಣ್ಣಿನಿಂದ ಇನ್ನೊಮ್ಮೆ ನೋಡಿ. ನಿಮ್ಮಲ್ಲಿಯೂ ಮೊದಲ ಪಾಳಿ ಬೆಳಿಗ್ಗೆ ಆರರಿಂದ ಎರಡರವರೆಗೆ ಇದ್ದರೆ, ನಿಮ್ಮ ಸಭೆಯ ಹೆಚ್ಚಿನವರು ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಎಂಟು ಗಂಟೆ ಯಂತ್ರದ ಮುಂದೆ ನಿಂತು ಬಂದವರು. ಅವರ ಮನಸ್ಸು ಎರಡೂಕಾಲರ ಕಂಪನಿ ಬಸ್ಸಿನಲ್ಲಿರುತ್ತದೆ. ಬಸ್ಸು ನಾಲ್ಕೂಕಾಲಕ್ಕೆ ಹೊರಡುತ್ತದೆ ಎಂಬುದು ಹಿಂದಿನ ದಿನವೇ ಸೂಚನಾ ಫಲಕದಲ್ಲಿ ಇರದಿದ್ದರೆ, ಮೂರೂವರೆಯ ಹೊತ್ತಿಗೆ ಹಿಂದಿನ ಸಾಲುಗಳು ಒಂದೊಂದಾಗಿ ಖಾಲಿಯಾಗುವುದನ್ನು ನಿಮ್ಮ ಅತಿಥಿಗಳು ವೇದಿಕೆಯಿಂದ ನೋಡಬೇಕಾಗುತ್ತದೆ. ನನ್ನ ಸಲಹೆ ಇಷ್ಟು: ಎರಡಕ್ಕೆ ಪಾಳಿ ಬಿಟ್ಟೊಡನೆ ಎಲ್ಲರಿಗೂ ಊಟ ಕೊಡಿ, ಸಭೆಯನ್ನು 2.45ಕ್ಕೆ ಆರಂಭಿಸಿ ನಾಲ್ಕಕ್ಕೆ ಮುಗಿಸಿ. ನಾಡಗೀತೆ ಎರಡೂವರೆ ನಿಮಿಷ, ದೀಪ ಮತ್ತು ಸ್ವಾಗತ ಸೇರಿ ಐದು, ಮುಖ್ಯಸ್ಥರ ಮಾತು ಐದು, ಪರಿಚಯ ಎರಡು ಎಂದರೆ ಮೂರು ಗಂಟೆಗೆ ಉಪನ್ಯಾಸ ಆರಂಭವಾಗುತ್ತದೆ. 3.35ರವರೆಗೆ ಮಾತು, ಹತ್ತು ನಿಮಿಷ ಪ್ರಶ್ನೋತ್ತರ, ಅನಂತರ ಬಹುಮಾನ ಮತ್ತು ವಂದನೆ. ಬಹುಮಾನವನ್ನು ಉಪನ್ಯಾಸದ ನಂತರ ಇಟ್ಟರೆ ಜನ ಕೊನೆಯವರೆಗೂ ಕೂರುತ್ತಾರೆ, ತಡವಾದರೆ ತುಂಡಾಗುವುದೂ ಅತಿಥಿಗಳ ಮಾತಲ್ಲ.

ಸಭೆಯಲ್ಲಿ ಯಾರಿರುತ್ತಾರೆ ಎಂಬುದನ್ನು ಪತ್ರಗಳು ಸಾಮಾನ್ಯವಾಗಿ ‘ನಮ್ಮ ಉದ್ಯೋಗಿಗಳು’ ಎಂಬ ಎರಡು ಪದಗಳಲ್ಲಿ ಮುಗಿಸಿಬಿಡುತ್ತವೆ. ಮಾತನಾಡುವವರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಮಾಹಿತಿ ಇದೇ. 220 ಜನರಲ್ಲಿ ಯಂತ್ರದ ಕೆಲಸದವರೆಷ್ಟು, ಕಚೇರಿಯವರೆಷ್ಟು, ಗುತ್ತಿಗೆ ಕಾರ್ಮಿಕರು ಬರುತ್ತಾರೆಯೇ, ಹೆಂಗಸರು ಎಷ್ಟು ಮಂದಿ, ಕನ್ನಡ ಮನೆಮಾತಲ್ಲದವರು ಎಷ್ಟು ಮಂದಿ ಎಂಬುದನ್ನು ಅಂದಾಜಿನಲ್ಲಾದರೂ ಹೇಳಿ. ಪೀಣ್ಯದ ಯಾವ ಕಾರ್ಖಾನೆಯಲ್ಲಿಯೂ ಒಡಿಶಾ, ಬಿಹಾರ, ಜಾರ್ಖಂಡ್‌ಗಳಿಂದ ಬಂದ ಹುಡುಗರು ಒಂದಷ್ಟು ಮಂದಿ ಇದ್ದೇ ಇರುತ್ತಾರೆ. ಅವರಿಗೆ ಕೆಲಸದ ಕನ್ನಡ ಅರ್ಥವಾಗುತ್ತದೆ, ವೇದಿಕೆಯ ಕನ್ನಡ ಅರ್ಥವಾಗುವುದಿಲ್ಲ. ಇದನ್ನು ತಿಳಿದ ಉಪನ್ಯಾಸಕರು ಹಳಗನ್ನಡದ ಪದ್ಯವೊಂದನ್ನು ಬಿಟ್ಟು ಹಾಡೊಂದನ್ನು ಸೇರಿಸಿಕೊಳ್ಳುತ್ತಾರೆ. ತಿಳಿಯದವರು ಮನೆಯಲ್ಲಿ ಕುಳಿತು, ಸಾಹಿತ್ಯ ವಿದ್ಯಾರ್ಥಿಗಳಿಗೆ ಮಾಡಿದ್ದ ಟಿಪ್ಪಣಿಯನ್ನೇ ತೆಗೆದುಕೊಂಡು ಹೊರಡುತ್ತಾರೆ.

ವಿಷಯವನ್ನು ‘ಕನ್ನಡ ನಾಡು ನುಡಿ ಸಂಸ್ಕೃತಿ’ ಎಂದು ಬರೆದು ಕಳುಹಿಸಬೇಡಿ. ಅದರ ಕೆಳಗೆ ಏನನ್ನಾದರೂ ಹೇಳಬಹುದು, ಆದ್ದರಿಂದಲೇ ಬಹಳ ಸಲ ಹಿಂದೆ ಹೇಳಿದ್ದನ್ನೇ ಕೇಳಬೇಕಾಗುತ್ತದೆ. ನೀವು ಕರೆಯುತ್ತಿರುವವರು ಜಾನಪದದವರು, ನಿಮ್ಮ ಸಭಿಕರು ಮೈಮುರಿದು ದುಡಿಯುವವರು. ರಾಗಿ ಬೀಸುವಾಗ, ಭತ್ತ ಕುಟ್ಟುವಾಗ, ನಾಟಿ ಹಾಕುವಾಗ ಹಾಡಿಕೊಂಡ ಪದಗಳ ವಿಷಯ ಇಬ್ಬರಿಗೂ ಸೇರಿದ್ದು. ಕಲ್ಲಿನ ಗೂಟ ಹಿಡಿದು ಸುತ್ತುವ ಲಯಕ್ಕೂ ಹಾಡಿನ ಲಯಕ್ಕೂ ಇರುವ ನಂಟನ್ನು, ದಿನವೆಲ್ಲ ಯಂತ್ರದ ಲಯದಲ್ಲಿ ಕೈ ಆಡಿಸುವವರಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಆದರೂ ವಿಷಯವನ್ನು ಆಜ್ಞೆಯಂತೆ ಕೊಡದೆ, ಸಭಿಕರನ್ನು ವರ್ಣಿಸಿ, ನಿಮಗೆ ತೋಚಿದ್ದನ್ನು ಸೂಚಿಸಿ, ಕೊನೆಯ ರೂಪವನ್ನು ಅವರಿಗೆ ಬಿಡಬೇಕು.

ಈಗ ಗೌರವಧನ. ಬರೆಯಬಹುದೇ ಎಂದು ಕೇಳಿದ್ದೀರಿ. ಬರೆಯಲೇಬೇಕು, ಮೊತ್ತದೊಡನೆ ಬರೆಯಬೇಕು. ನಮ್ಮಲ್ಲಿ ಕರೆಯುವವರಿಗೆ ಕೇಳಲು ಸಂಕೋಚ, ಬರುವವರಿಗೆ ಬಾಯಿಬಿಡಲು ಇನ್ನೂ ಹೆಚ್ಚಿನ ಸಂಕೋಚ. ಆ ಸಂಕೋಚದ ನಷ್ಟವನ್ನು ಯಾವಾಗಲೂ ಬರುವವರೇ ಭರಿಸುತ್ತಾರೆ. ‘ಯಥೋಚಿತವಾಗಿ ಗೌರವಿಸಲಾಗುವುದು’ ಎಂಬ ವಾಕ್ಯವನ್ನು ದಯವಿಟ್ಟು ಬರೆಯಬೇಡಿ. ಅದನ್ನು ಓದಿದವರಿಗೆ ಶಾಲು, ಹಣ್ಣಿನ ಬುಟ್ಟಿ ಸಿಗುತ್ತದೆಯೋ, ಹಣ ಸಿಗುತ್ತದೆಯೋ, ಪ್ರಯಾಣದ ಖರ್ಚು ಸಿಗುತ್ತದೆಯೋ ತಿಳಿಯುವುದಿಲ್ಲ. ಮೊದಲ ಫೋನ್ ಮಾತಿನಲ್ಲಿಯೇ, ‘ಮೇಡಂ, ನಮ್ಮಲ್ಲಿ ಉಪನ್ಯಾಸಕ್ಕೆ ಇಷ್ಟು ಗೌರವಧನ ಇಟ್ಟುಕೊಂಡಿದ್ದೇವೆ, ಪ್ರಯಾಣದ ವ್ಯವಸ್ಥೆ ಬೇರೆಯಾಗಿ ನಮ್ಮದೇ, ಇದು ತಮಗೆ ಸರಿಯೆನಿಸುತ್ತದೆಯೇ?’ ಎಂದು ನೇರವಾಗಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಅವರು ಹಣ ಬೇಡವೆಂದರೆ ಆ ಮಾತನ್ನು ಅವರೇ ಹೇಳಲಿ.

ಹಣ ಎಷ್ಟು ಎಂಬುದಕ್ಕಿಂತ ಯಾವಾಗ ಸೇರುತ್ತದೆ ಎಂಬಲ್ಲಿ ಕಂಪನಿಗಳು ಹೆಚ್ಚು ಸೋಲುತ್ತವೆ. ನಾನು ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ, ಹಿರಿಯ ರಂಗಕರ್ಮಿಯೊಬ್ಬರಿಗೆ ಕೊಡಬೇಕಾದ ಗೌರವಧನ ಐದು ತಿಂಗಳು ತಡವಾಯಿತು. ಹಣ ಮಂಜೂರಾಗಿತ್ತು, ಆದರೆ ಖರೀದಿ ವಿಭಾಗದ ದಾಖಲೆಯಲ್ಲಿ ಅವರು ‘ವೆಂಡರ್’ ಆಗಿ ನೋಂದಾಯಿತರಾಗಿರಲಿಲ್ಲ. ಬೋಲ್ಟು, ನಟ್ಟು ಸರಬರಾಜು ಮಾಡುವವರಿಗೆಂದು ಮಾಡಿದ ಉದ್ದನೆಯ ಅರ್ಜಿಯನ್ನು ಕಾರ್ಯಕ್ರಮ ಮುಗಿದ ಮೇಲೆ ಅವರಿಗೆ ಕಳುಹಿಸಿದೆವು. ಎಪ್ಪತ್ತು ದಾಟಿದವರು ಅದನ್ನು ಮುದ್ರಿಸಿ, ತುಂಬಿ, ಸ್ಕ್ಯಾನ್ ಮಾಡಿಸಲು ಎರಡು ಸಲ ಅಂಗಡಿಗೆ ಅಲೆದರು. ಆ ತಪ್ಪು ನನ್ನದೇ. ಹಣಕಾಸು ವಿಭಾಗದವರನ್ನು ಮೊದಲೇ ಕೇಳಿದ್ದರೆ ಒಮ್ಮೆ ಮಾತ್ರ ಪಾವತಿ ಮಾಡುವವರಿಗೆ ಒಂದು ಪುಟದ ನಮೂನೆ ಇದೆಯೆಂದು ತಿಳಿಯುತ್ತಿತ್ತು.

ನೀವು ಈಗಲೇ ಕೇಳಬೇಕಾದದ್ದು ಹೀಗಿದೆ. ಅವರಿಗೆ ಯಾವ ನಮೂನೆ, ಪ್ಯಾನ್ ಮತ್ತು ಬ್ಯಾಂಕ್ ವಿವರದ ಹೊರತು ಇನ್ನೇನು ಬೇಕು, ರಸೀದಿಯನ್ನು ಅವರು ಬರೆದುಕೊಡಬೇಕೋ ಅಥವಾ ನೀವೇ ಸಿದ್ಧಪಡಿಸಿ ಸಹಿ ಪಡೆಯಬಹುದೋ, ಹಣ ಎಷ್ಟು ದಿನದಲ್ಲಿ ಜಮೆಯಾಗುತ್ತದೆ. ಇಂಥ ಗೌರವಧನವನ್ನು ವೃತ್ತಿಪರ ಶುಲ್ಕವೆಂದು ಪರಿಗಣಿಸಿದರೆ, ಒಂದು ಹಣಕಾಸು ವರ್ಷದಲ್ಲಿ ನಿಮ್ಮ ಕಂಪನಿಯಿಂದ ಅವರಿಗೆ ಸಲ್ಲುವ ಮೊತ್ತ 50,000 ರೂಪಾಯಿ ಮೀರಿದಾಗ ಶೇಕಡಾ 10ರಷ್ಟು ಟಿಡಿಎಸ್ ಕಡಿತವಾಗುತ್ತದೆ. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 30,000 ರೂಪಾಯಿ ಇತ್ತು, ಹಳೆಯ ಮಿತಿಯನ್ನೇ ನೆನಪಿಟ್ಟುಕೊಂಡು ಕಡಿತ ಮಾಡುವವರು ಇದ್ದಾರೆ, ಪರಿಶೀಲಿಸಿ. ನೀವು 15,000 ಕೊಡುವುದಾದರೆ ಮತ್ತು ವರ್ಷದಲ್ಲಿ ಅದೊಂದೇ ಪಾವತಿಯಾದರೆ ಪೂರ್ಣ ಮೊತ್ತವೇ ಅವರ ಕೈ ಸೇರುತ್ತದೆ. ಕಡಿತವಾಗುವ ಸಂದರ್ಭವಿದ್ದರೆ, ಕೈಗೆ ಬರುವ ಮೊತ್ತ ಎಷ್ಟೆಂದು ಪತ್ರದಲ್ಲೇ ಹೇಳುವುದು ಮರ್ಯಾದೆ. ಕಾರು ಬಾಡಿಗೆಯನ್ನು ಕಂಪನಿಯೇ ನೇರವಾಗಿ ಕೊಡಲಿ. ಅವರಿಂದ ಖರ್ಚು ಮಾಡಿಸಿ ಬಿಲ್ಲು ಕೇಳುವ ಕ್ರಮ ಹಿರಿಯರಿಗೆ ತೊಂದರೆ. ಇಷ್ಟೆಲ್ಲ ಸುಲಭವಾಗುವುದು ಅವರು ನಿವೃತ್ತರಾಗಿರುವುದರಿಂದ. ಮುಂದೆ ಸೇವೆಯಲ್ಲಿರುವ ಸರ್ಕಾರಿ ಅಧ್ಯಾಪಕರನ್ನು ಕರೆದರೆ ಅವರು ಇಲಾಖೆಯ ಅನುಮತಿ ಪಡೆಯಬೇಕಾಗಬಹುದು, ಅದಕ್ಕೆ ನಿಮ್ಮ ಅಧಿಕೃತ ಪತ್ರ ಬೇಗನೆ ಅವರ ಕೈಯಲ್ಲಿರಬೇಕು.

ಪ್ರಯಾಣವನ್ನು ಗಂಟೆಗಳಲ್ಲಿ ಯೋಚಿಸಿ. ಮೈಸೂರಿನಿಂದ ಪೀಣ್ಯಕ್ಕೆ ಸುಮಾರು 150 ಕಿಲೋಮೀಟರ್. ಹೆದ್ದಾರಿಯಿಂದ ಕೆಂಗೇರಿಯ ಬಳಿ ನೈಸ್ ರಸ್ತೆ ಹಿಡಿದು ತುಮಕೂರು ರಸ್ತೆಗೆ ಬಂದರೆ ನಗರದೊಳಗೆ ಸಿಕ್ಕಿಕೊಳ್ಳುವುದು ತಪ್ಪುತ್ತದೆ, ಆದರೂ ಚಹಾಕ್ಕೆ ನಿಲ್ಲುವುದನ್ನು ಸೇರಿಸಿ ಮೂರು ಗಂಟೆಯನ್ನಾದರೂ ಇಟ್ಟುಕೊಳ್ಳಿ. ಬೆಳಿಗ್ಗೆ ಹತ್ತಕ್ಕೆ ಮನೆಯಿಂದ ಹೊರಟರೆ ಒಂದಕ್ಕೆ ತಲುಪಿ, ಊಟ ಮಾಡಿ, ಅರ್ಧ ಗಂಟೆ ವಿಶ್ರಮಿಸಿ ಸಭೆಗೆ ಬರಬಹುದು. ನಾಲ್ಕೂಕಾಲಕ್ಕೆ ಹೊರಟರೂ ಶುಕ್ರವಾರ ಸಂಜೆಯ ದಟ್ಟಣೆಯಲ್ಲಿ ಮನೆ ಸೇರುವಾಗ ಎಂಟಾಗಬಹುದು. ಅಂದರೆ ಮೂವತ್ತೈದು ನಿಮಿಷದ ಮಾತಿಗೆ ನೀವು ಅವರಿಂದ ಕೇಳುತ್ತಿರುವುದು ಹತ್ತು ಗಂಟೆಗಳ ದಿನ. ಗೌರವಧನದ ಮೊತ್ತವನ್ನು ನಿಶ್ಚಯಿಸುವಾಗ ಈ ಹತ್ತು ಗಂಟೆಯನ್ನೇ ಅಳತೆಯಾಗಿಟ್ಟುಕೊಳ್ಳಿ.

ಗೇಟಿನ ವಿಷಯವನ್ನು ನಾನು ಸ್ವಲ್ಪ ಒತ್ತಿ ಹೇಳುತ್ತೇನೆ, ಏಕೆಂದರೆ ನಿಮಗೆ ಅಭ್ಯಾಸವಾಗಿ ಹೋಗಿರುವ ನಿಯಮಗಳು ಹೊರಗಿನವರಿಗೆ ಅನುಮಾನದಂತೆ ಕಾಣುತ್ತವೆ. ಕಾರಿನ ಡಿಕ್ಕಿ ತೆಗೆಸುವುದು, ಲ್ಯಾಪ್‌ಟಾಪ್ ಮತ್ತು ಪೆನ್‌ಡ್ರೈವ್ ನೋಂದಾಯಿಸುವುದು, ಫೋನಿನ ಕ್ಯಾಮೆರಾಗೆ ಅಂಟುಪಟ್ಟಿ ಹಚ್ಚುವುದು, ಗುರುತಿನ ಚೀಟಿ ಕೇಳುವುದು ಎಲ್ಲವೂ ನಡೆಯುತ್ತವೆ. ಯಾವುದು ಅನಿವಾರ್ಯವೋ ಅದನ್ನು ಪತ್ರದಲ್ಲಿ ಮೊದಲೇ ತಿಳಿಸಿ, ಉಳಿದದ್ದಕ್ಕೆ ಹಿಂದಿನ ದಿನವೇ ಪಾಸ್ ಮಾಡಿಸಿ, ಭದ್ರತಾ ಸಿಬ್ಬಂದಿಗೆ ಅವರ ಹೆಸರನ್ನೂ ಕಾರಿನ ಸಂಖ್ಯೆಯನ್ನೂ ಕೊಟ್ಟು, ನಿಮ್ಮ ವಿಭಾಗದ ಒಬ್ಬರನ್ನು ಗೇಟಿನಲ್ಲಿ ನಿಲ್ಲಿಸಿ. ಯಂತ್ರಶಾಲೆ ತೋರಿಸುವ ಉತ್ಸಾಹ ಮುಖ್ಯಸ್ಥರಿಗೆ ಕೊನೆ ಗಳಿಗೆಯಲ್ಲಿ ಬರುವುದುಂಟು. ಓಡುವ ಯಂತ್ರಗಳ ನಡುವೆ ಸೀರೆಯ ಸೆರಗು ಅಪಾಯ, ಸುರಕ್ಷತಾ ಬೂಟು ಬೇಕಾಗುತ್ತದೆ. ಅವರಿಗೆ ನೋಡುವ ಮನಸ್ಸಿದೆಯೇ ಎಂದು ಮೊದಲೇ ಕೇಳಿಲ್ಲದಿದ್ದರೆ ಅಂದು ಆ ಮಾತು ತೆಗೆಯದಿರುವುದೇ ಸರಿ.

ಹಾಲ್ ಕ್ಯಾಂಟೀನ್ ಆದುದರಿಂದ ಇನ್ನೊಂದು ಮಾತು. ಊಟ ಮುಗಿದೊಡನೆ ಪಕ್ಕದಲ್ಲಿ ಸ್ಟೀಲ್ ತಟ್ಟೆ ತೊಳೆಯುವ ಸದ್ದು ಆರಂಭವಾಗುತ್ತದೆ, ಅದನ್ನು ನಾಲ್ಕರವರೆಗೆ ನಿಲ್ಲಿಸಲು ಕ್ಯಾಂಟೀನ್ ಗುತ್ತಿಗೆದಾರರಿಗೆ ಹೇಳಿ. ಹಿಂದಿನ ದಿನ ಅದೇ ಹೊತ್ತಿನಲ್ಲಿ, ಕಂಪ್ರೆಸರ್ ಓಡುತ್ತಿರುವಾಗಲೇ, ಕೊನೆಯ ಸಾಲಿನಲ್ಲಿ ಕುಳಿತು ಮೈಕ್ ಪರೀಕ್ಷಿಸಿ. ಭಾನುವಾರದ ನಿಶ್ಶಬ್ದದಲ್ಲಿ ಪರೀಕ್ಷಿಸಿದ ಮೈಕ್ ಶುಕ್ರವಾರ ಕೇಳಿಸುವುದಿಲ್ಲ. ಅವರು ಹಾಡಿ ತೋರಿಸುವವರಾದರೆ ಕೈಯಲ್ಲಿ ಹಿಡಿಯುವ ಮೈಕಿಗಿಂತ ಸ್ಟ್ಯಾಂಡ್ ಮೈಕ್ ಒಳ್ಳೆಯದು, ತಾಳ ಹಾಕಲು ಕೈ ಬಿಡುವಾಗಿರುತ್ತದೆ.

ಮೊದಲ ಮಾತು ಫೋನಿನಲ್ಲಿ ಆಗಲಿ, ಅದನ್ನು ಅವರ ಬರಹವನ್ನೋ ಭಾಷಣವನ್ನೋ ಬಲ್ಲವರೇ ಮಾಡಲಿ. ಅವರು ಒಪ್ಪಿದ ಎರಡು ದಿನದೊಳಗೆ ಪತ್ರ ಹೋಗಬೇಕು. ನಿಮ್ಮ ಸಂದರ್ಭಕ್ಕೆ ನಾನಾದರೆ ಹೀಗೆ ಬರೆಯುತ್ತೇನೆ:

ಗೌರವಾನ್ವಿತರೇ,

ನಮಸ್ಕಾರಗಳು. ದೂರವಾಣಿಯಲ್ಲಿ ತಾವು ಒಪ್ಪಿಗೆ ನೀಡಿದ್ದಕ್ಕೆ ಕೃತಜ್ಞತೆಗಳು. ನಮ್ಮ ಕಾರ್ಖಾನೆಯ ಕನ್ನಡ ರಾಜ್ಯೋತ್ಸವ ಸಮಾರಂಭದಲ್ಲಿ ನವೆಂಬರ್ 20, ಶುಕ್ರವಾರ ಮಧ್ಯಾಹ್ನ 3 ಗಂಟೆಯಿಂದ 3.35ರವರೆಗೆ ತಾವು ಉಪನ್ಯಾಸ ನೀಡಿ, ಅನಂತರ ಹತ್ತು ನಿಮಿಷ ಸಭಿಕರ ಪ್ರಶ್ನೆಗಳಿಗೆ ಉತ್ತರಿಸಬೇಕೆಂದು ಕೋರುತ್ತೇವೆ. ಸಮಾರಂಭ 2.45ಕ್ಕೆ ಆರಂಭವಾಗಿ 4ಕ್ಕೆ ಮುಗಿಯುತ್ತದೆ. ದೀಪ ಬೆಳಗಿಸುವುದು ಮತ್ತು ಆರು ಮಂದಿಗೆ ಬಹುಮಾನ ನೀಡುವುದು ಬಿಟ್ಟರೆ ತಮ್ಮ ಮೇಲೆ ಬೇರೆ ಹೊಣೆ ಇರುವುದಿಲ್ಲ.

ಸಭೆಯಲ್ಲಿ ಸುಮಾರು 220 ಮಂದಿ ಇರುತ್ತಾರೆ. ಅವರಲ್ಲಿ 160 ಮಂದಿ ಬೆಳಗಿನ ಪಾಳಿ ಮುಗಿಸಿ ಬರುವ ಯಂತ್ರಶಾಲೆಯ ಕೆಲಸಗಾರರು. ಸುಮಾರು 60 ಮಂದಿಗೆ ಕನ್ನಡ ಮನೆಮಾತಲ್ಲ. ಆಡುಮಾತು ಅವರಿಗೆ ಅರ್ಥವಾಗುತ್ತದೆ. ದುಡಿಮೆಯ ಹಾಡುಗಳ ಬಗ್ಗೆ ತಾವು ಮಾತನಾಡಿದರೆ ಇವರೆಲ್ಲರಿಗೂ ಹತ್ತಿರವಾಗುತ್ತದೆಂದು ನಮಗನಿಸಿದೆ. ವಿಷಯ ಮತ್ತು ಶೀರ್ಷಿಕೆಯ ನಿರ್ಧಾರ ತಮ್ಮದು. ಅಕ್ಟೋಬರ್ 25ರೊಳಗೆ ತಿಳಿಸಿದರೆ ಆಹ್ವಾನ ಪತ್ರಿಕೆಯಲ್ಲಿ ಮುದ್ರಿಸುತ್ತೇವೆ.

ಅಂದು ಬೆಳಿಗ್ಗೆ 10ಕ್ಕೆ ತಮ್ಮ ಮನೆಗೆ ಕಾರು ಬರುತ್ತದೆ, ಸಮಾರಂಭದ ನಂತರ ಅದೇ ಕಾರು ತಮ್ಮನ್ನು ಮನೆಗೆ ತಲುಪಿಸುತ್ತದೆ. ಬಾಡಿಗೆ, ಟೋಲ್, ಚಾಲಕರ ಬಾಟಾ ಎಲ್ಲವೂ ಕಂಪನಿಯದು. ಜೊತೆಗೆ ಒಬ್ಬರು ಬರುವುದಿದ್ದರೆ ಸಂತೋಷ. ಮಧ್ಯಾಹ್ನದ ಊಟ ನಮ್ಮಲ್ಲಿ, ಪಥ್ಯವಿದ್ದರೆ ತಿಳಿಸಿ. ಗೇಟಿನಲ್ಲಿ ಗುರುತಿನ ಚೀಟಿ ತೋರಿಸುವುದು ಮತ್ತು ಲ್ಯಾಪ್‌ಟಾಪ್ ತಂದರೆ ಬರೆಸುವುದು ನಮ್ಮ ನಿಯಮ; ನಮ್ಮವರೊಬ್ಬರು ಅಲ್ಲಿಯೇ ಇದ್ದು ತಮ್ಮನ್ನು ಕರೆತರುತ್ತಾರೆ. ಸಭಾಂಗಣ ನೆಲಮಹಡಿಯಲ್ಲಿದೆ.

ಉಪನ್ಯಾಸಕ್ಕಾಗಿ 15,000 ರೂಪಾಯಿ ಗೌರವಧನವನ್ನು ಕಾರ್ಯಕ್ರಮದ ನಂತರ ಏಳು ದಿನಗಳೊಳಗೆ ತಮ್ಮ ಬ್ಯಾಂಕ್ ಖಾತೆಗೆ ಜಮೆ ಮಾಡುತ್ತೇವೆ. ಅದಕ್ಕೆ ಬೇಕಾದ ಒಂದು ಪುಟದ ನಮೂನೆಯನ್ನು ಇದರೊಡನೆ ಇಟ್ಟಿದ್ದೇವೆ. ತಮ್ಮ ಮಾತನ್ನು ಚಿತ್ರೀಕರಿಸಿ ಕಾರ್ಖಾನೆಯ ಒಳಗಿನ ಬಳಕೆಗೆ ಮಾತ್ರ ಇಟ್ಟುಕೊಳ್ಳಲು ಅನುಮತಿ ಕೋರುತ್ತೇವೆ, ಬೇಡವೆಂದರೆ ಚಿತ್ರೀಕರಿಸುವುದಿಲ್ಲ.

ಯಾವ ವಿಷಯಕ್ಕೂ ಕೆಳಗೆ ಸಹಿ ಮಾಡಿರುವ ನನಗೇ ಕರೆ ಮಾಡಬಹುದು.

ಇತಿ ತಮ್ಮ ವಿಶ್ವಾಸಿ

ಇದರಲ್ಲಿನ ಸಂಖ್ಯೆಗಳು ಉದಾಹರಣೆಗೆ ಹಾಕಿದವು, ನಿಮ್ಮವನ್ನು ತುಂಬಿಕೊಳ್ಳಿ. ಏಳು ದಿನ ಎಂಬುದನ್ನು ಮಾತ್ರ ಹಣಕಾಸು ವಿಭಾಗದವರು ಬರವಣಿಗೆಯಲ್ಲಿ ಒಪ್ಪಿದ ನಂತರ ಹಾಕಿ. ಅವರು ಮೂವತ್ತು ದಿನ ಎಂದರೆ ಮೂವತ್ತು ಎಂದೇ ಬರೆಯಿರಿ. ಚಿತ್ರೀಕರಣದ ವಾಕ್ಯವನ್ನೂ ಬಿಡಬೇಡಿ. ಜಾನಪದದವರ ಉಪನ್ಯಾಸದಲ್ಲಿ ಅವರು ವರ್ಷಗಟ್ಟಲೆ ಹಳ್ಳಿ ತಿರುಗಿ ಸಂಗ್ರಹಿಸಿದ, ಇನ್ನೂ ಪ್ರಕಟಿಸದ ಹಾಡುಗಳಿರಬಹುದು. ಕಂಪನಿಯ ಪ್ರಚಾರ ವಿಭಾಗ ಅದನ್ನು ಮರುದಿನವೇ ಜಾಲತಾಣಕ್ಕೆ ಏರಿಸಿದರೆ, ಹಿಂದಕ್ಕೆ ತೆಗೆಯುವುದು ಯಾರ ಕೈಯಲ್ಲಿಯೂ ಇರುವುದಿಲ್ಲ. ಒಳಬಳಕೆಗೆ ಎಂದು ಅನುಮತಿ ಪಡೆದು ಹೊರಗೆ ಹಾಕುವುದು ಮಾತಿಗೆ ತಪ್ಪಿದಂತೆ. ಹಾಕಬೇಕೆನಿಸಿದರೆ ಆ ತುಣುಕನ್ನು ಕಳುಹಿಸಿ ಮತ್ತೊಮ್ಮೆ ಕೇಳಿ.

ಪತ್ರದ ನಂತರ ಕಾರ್ಯಕ್ರಮಕ್ಕೆ ಹತ್ತು ದಿನವಿರುವಾಗ ಒಮ್ಮೆ, ಹಿಂದಿನ ಸಂಜೆ ಒಮ್ಮೆ ಮಾತನಾಡಿ. ಹಿಂದಿನ ಸಂಜೆಯ ಕರೆಯಲ್ಲಿ ಚಾಲಕರ ಹೆಸರು, ಫೋನ್ ಸಂಖ್ಯೆ, ಕಾರಿನ ಸಂಖ್ಯೆ ಕೊಟ್ಟರೆ ಸಾಕು. ಪರಿಚಯ ಮಾಡಿಕೊಡುವವರು ಓದುವ ಎಂಟು ಸಾಲನ್ನು ಆ ಹತ್ತು ದಿನದ ಕರೆಯ ಹೊತ್ತಿಗೆ ಅವರಿಗೇ ಕಳುಹಿಸಿ ತಿದ್ದಿಸಿಕೊಳ್ಳಿ. ನಿವೃತ್ತರಾದ ಕಾಲೇಜಿನ ಹೆಸರನ್ನೋ ಪುಸ್ತಕದ ಹೆಸರನ್ನೋ ವೇದಿಕೆಯ ಮೇಲೆ ತಪ್ಪಾಗಿ ಹೇಳಿದರೆ, ಅವರು ಮಾತನ್ನು ತಿದ್ದುಪಡಿಯಿಂದ ಆರಂಭಿಸಬೇಕಾಗುತ್ತದೆ. ಅವರಿಗೆ ಅನಾರೋಗ್ಯವಾಗಿ ಬರಲಾಗದಿದ್ದರೆ ಏನು ಮಾಡುವಿರಿ ಎಂಬುದನ್ನೂ ಮೊದಲೇ ಯೋಚಿಸಿ. ಕೊನೆಯ ದಿನ ಸಿಕ್ಕವರನ್ನು ಕರೆತಂದು ಅದೇ ವಿಷಯದ ಮೇಲೆ ಮಾತನಾಡಿಸುವುದಕ್ಕಿಂತ, ನಿಮ್ಮ ಕೆಲಸಗಾರರಲ್ಲಿಯೇ ಊರಿನ ಪದ ಬಲ್ಲ ಮೂರು ನಾಲ್ಕು ಮಂದಿಯನ್ನು ಗುರುತಿಸಿಟ್ಟುಕೊಳ್ಳುವುದು ಮೇಲು. ಮೇಡಂ ಬಂದರೂ, ಪ್ರಶ್ನೋತ್ತರದ ಹತ್ತು ನಿಮಿಷದಲ್ಲಿ ಈ ಕೆಲಸಗಾರರಲ್ಲಿ ಒಬ್ಬರಿಂದ ಒಂದು ಪದ ಹಾಡಿಸಿದರೆ ಅವರು ಅದನ್ನು ಪ್ರಶ್ನೆಗಿಂತ ಹೆಚ್ಚು ಇಷ್ಟಪಟ್ಟಾರು.

ನೆನಪಿನ ಕಾಣಿಕೆ ದೊಡ್ಡ ಗಾಜಿನ ಫಲಕವಾಗಿರುವುದು ಬೇಡ, ಅದನ್ನು ಮಡಿಲಲ್ಲಿಟ್ಟುಕೊಂಡು 150 ಕಿಲೋಮೀಟರ್ ಹೋಗುವುದು ಕಷ್ಟ. ನಿಮ್ಮ ಯಂತ್ರಶಾಲೆಯಲ್ಲಿಯೇ ತಿರುಗಿಸಿ ಮಾಡಿದ, ಅಂಗೈಯಲ್ಲಿ ಹಿಡಿಯುವ ಹಿತ್ತಾಳೆಯ ಸಣ್ಣ ದೀಪವಾದರೆ ಅದನ್ನು ಮಾಡಿದವರ ಕೈಯಿಂದಲೇ ಕೊಡಿಸಬಹುದು. ಹಣ ಜಮೆಯಾದ ದಿನ ಅವರಿಗೆ ಒಂದು ಸಂದೇಶ ಕಳುಹಿಸಿ, ಅದರ ಜೊತೆಗೆ ಸಭಿಕರಲ್ಲಿ ಒಬ್ಬಿಬ್ಬರು ಹೇಳಿದ ಮಾತನ್ನು ಅವರ ಮಾತಿನಲ್ಲಿಯೇ ಬರೆಯಿರಿ.